4+4 ಜಿಬಿ ಎಂದು ತೋರಿಸುವ ಫೋನಿನಲ್ಲಿ ಆಟ ಏಕೆ ತಡವರಿಸುತ್ತದೆ?

ಪ್ರಶ್ನೆ, ಕ್ಯಾತ್ಸಂದ್ರದ ವಿದ್ಯಾರ್ಥಿ:
ನನ್ನದು 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇರುವ ಫೋನ್. ಸೆಟ್ಟಿಂಗ್ಸ್‌ನಲ್ಲಿ ವರ್ಚುವಲ್ ರ‍್ಯಾಮ್ 4 ಜಿಬಿ ಹಾಕಿದ ಮೇಲೆ 4+4 ಎಂದು ತೋರಿಸುತ್ತಿದೆ. ಆದರೂ ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಎದುರಾಳಿಗಳು ಹತ್ತಿರ ಬಂದ ಕೂಡಲೇ ಪರದೆ ತಡವರಿಸುತ್ತದೆ. ಮಧ್ಯೆ ಕರೆ ಬಂದು, ಮಾತಾಡಿ ಮರಳಿದರೆ ಕೆಲವೊಮ್ಮೆ ಆಟ ಮೊದಲಿನಿಂದ ತೆರೆಯುತ್ತದೆ. ಇನ್ನೂ ಹೆಚ್ಚಿಸಬೇಕೇ ಸರ್, ತೆಗೆದೇ ಬಿಡಬೇಕೇ?

ಗುಬ್ಬಿಯ ಎಂಜಿನಿಯರ್ (ಆಂಡ್ರಾಯ್ಡ್ ತಂತ್ರಾಂಶದ ಕೆಲಸ):
ಇಲ್ಲಿ ಎರಡು ಕಾಯಿಲೆಗಳಿವೆ: ಕಾದಾಟದಲ್ಲಿ ಪರದೆ ತಡವರಿಸುವುದು ಮೊದಲನೆಯದು, ಕರೆಯ ನಂತರ ಆಟ ಮೊದಲಿನಿಂದ ತೆರೆಯುವುದು ಎರಡನೆಯದು. ವರ್ಚುವಲ್ ರ‍್ಯಾಮ್ ಎರಡನೆಯದಕ್ಕೆ ಮಾಡಿದ ಮದ್ದು, ನೀವು ಅದನ್ನು ಮೊದಲನೆಯದಕ್ಕೆ ಕೊಡುತ್ತಿದ್ದೀರಿ.

ಆ ಹೆಚ್ಚುವರಿ 4 ಜಿಬಿ ನಿಮ್ಮ 64 ಜಿಬಿ ಸ್ಟೋರೇಜ್‌ನಿಂದ ಕತ್ತರಿಸಿಕೊಂಡ ಜಾಗ. ರ‍್ಯಾಮ್ ತುಂಬುತ್ತಾ ಬಂದಾಗ ಆಂಡ್ರಾಯ್ಡ್ ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪುಟಗಳನ್ನು ಹುಡುಕುತ್ತದೆ. ಒಂದು ಪುಟ ಎಂದರೆ ಮೆಮೊರಿಯ ಒಂದು ತುಂಡು, ಸಾಮಾನ್ಯವಾಗಿ 4 ಕೆಬಿ. ಅವನ್ನು ಮೊದಲು ಕುಗ್ಗಿಸಿ ರ‍್ಯಾಮ್‌ನೊಳಗೇ ಒಂದು ಮೂಲೆಗೆ ಸರಿಸುತ್ತದೆ. ಈ ವ್ಯವಸ್ಥೆಗೆ ಝಡ್‌ರ‍್ಯಾಮ್ ಎಂದು ಹೆಸರು, ನೀವು ಯಾವ ಗುಂಡಿ ಒತ್ತದಿದ್ದರೂ ಇಂದಿನ ಬಹುತೇಕ ಫೋನ್‌ಗಳಲ್ಲಿ ಅದು ಇದ್ದೇ ಇರುತ್ತದೆ. ನೀವು ಒತ್ತಿದ ಗುಂಡಿ ಅದರ ಹಿಂದೆ ಇನ್ನೊಂದು ಬಾಗಿಲು ತೆರೆಯುತ್ತದೆ: ಕುಗ್ಗಿಸಿದರೂ ಹಿಡಿಸದ್ದನ್ನು ಸ್ಟೋರೇಜ್‌ಗೆ ಬರೆದಿಡುವ ಬಾಗಿಲು. ಇದರಿಂದ ಆಗುವ ಲಾಭ ಒಂದೇ. ಹಿನ್ನೆಲೆಯಲ್ಲಿರುವ ಆಪ್‌ಗಳನ್ನು ಕೊಂದು ಜಾಗ ಮಾಡುವ ಅಗತ್ಯ ಕಡಿಮೆಯಾಗುತ್ತದೆ. ಕರೆ ಮುಗಿಸಿ ಬಂದಾಗ ಆಟ ಅಲ್ಲೇ ಇರುವ ಸಾಧ್ಯತೆ ಹೆಚ್ಚುತ್ತದೆ.

ಎದುರಾಳಿ ಎದುರಿಗೆ ಬಂದಾಗಿನ ಕಥೆ ಬೇರೆ. ಆಟ ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದರೆ ಒಂದೊಂದಕ್ಕೂ ಸಿಗುವುದು 16.7 ಮಿಲಿಸೆಕೆಂಡ್. ಬೇಕಾದ ಪುಟ ರ‍್ಯಾಮ್‌ನಲ್ಲಿದ್ದರೆ ಸುಮಾರು 100 ನ್ಯಾನೋಸೆಕೆಂಡಿನಲ್ಲಿ ಕೈಗೆ ಬರುತ್ತದೆ. ಸ್ಟೋರೇಜ್‌ಗೆ ಹೋಗಿದ್ದರೆ ಸಾವಿರ ಪಟ್ಟು ಅಥವಾ ಅದಕ್ಕೂ ಹೆಚ್ಚು ಹೊತ್ತು ಬೇಕು. ಒಂದು ಪುಟವಾದರೆ ನಿಮಗೆ ಗೊತ್ತೇ ಆಗದು. ನೂರಾರು ಪುಟಗಳು ಒಟ್ಟಿಗೆ ಬೇಕಾಗಿ, ಅದೇ ಕ್ಷಣದಲ್ಲಿ ಬೇರೆ ಪುಟಗಳು ಹೊರಗೆ ಬರೆಯಲ್ಪಡುತ್ತಿದ್ದರೆ ಚಿತ್ರ ನಿಲ್ಲುತ್ತದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿರುವ ಇಎಂಎಂಸಿ ಸ್ಟೋರೇಜ್ ಓದುವುದನ್ನೂ ಬರೆಯುವುದನ್ನೂ ಒಟ್ಟಿಗೆ ಮಾಡಲಾರದು, ಹಾಗಾಗಿ ಅಲ್ಲಿ ಇದು ಎದ್ದು ಕಾಣುತ್ತದೆ. ಯುಎಫ್‌ಎಸ್ ಎಂಬ ವೇಗದ ಸ್ಟೋರೇಜ್ ಇದ್ದರೆ ಇಷ್ಟು ನೋವಿಲ್ಲ. ನಿಮ್ಮದರಲ್ಲಿ ಯಾವುದು ಎಂದು ಫೋನಿನ ಮಾದರಿಯ ವಿವರದಲ್ಲಿ ನೋಡಿ ಹೇಳಿ.

ಇನ್ನೊಂದು ಮಾತು. ಗ್ರಾಫಿಕ್ಸ್ ಚಿಪ್ ಬಳಸುತ್ತಿರುವ ಚಿತ್ರಗಳು ಮತ್ತು ಮೇಲ್ಮೈಗಳ ಮೆಮೊರಿಯನ್ನು ಸಾಮಾನ್ಯವಾಗಿ ಹೀಗೆ ಹೊರಗೆ ಸಾಗಿಸುವುದಿಲ್ಲ, ಅದು ನಿಜವಾದ ರ‍್ಯಾಮ್‌ನಲ್ಲೇ ಕೂರಬೇಕು. ಫೋನಿನಲ್ಲಿ ಎಷ್ಟು ರ‍್ಯಾಮ್ ಇದೆ ಎಂದು ಆಟ ಕೇಳಿದಾಗ ಆಂಡ್ರಾಯ್ಡ್ ಹೇಳುವುದೂ ನಾಲ್ಕನ್ನೇ. ಎಂಟು ಎಂಬ ಲೆಕ್ಕ ಇರುವುದು ಸೆಟ್ಟಿಂಗ್ಸ್ ಪರದೆಯಲ್ಲಿ ಮತ್ತು ಅಂಗಡಿಯ ಜಾಹೀರಾತಿನಲ್ಲಿ.

ಬಂಗಾರಪೇಟೆಯ ಸದಸ್ಯ:
ನಾನು ಒಪ್ಪುವುದಿಲ್ಲ ಸರ್. ನನ್ನ 6 ಜಿಬಿ ಫೋನಿಗೆ 6 ಜಿಬಿ ಸೇರಿಸಿದ ದಿನವೇ ಆಟ ನುಣುಪಾಯಿತು. ಸಂಜೆಯವರೆಗೂ ಒಂದು ಸಲವೂ ನಿಲ್ಲಲಿಲ್ಲ. ಗರಿಷ್ಠಕ್ಕೆ ಇಡಿ ಎಂದೇ ನನ್ನ ಸಲಹೆ.

ಗುಬ್ಬಿಯ ಎಂಜಿನಿಯರ್:
ನೀವು ಕಂಡದ್ದನ್ನು ಸುಳ್ಳು ಎನ್ನುವುದಿಲ್ಲ. ಆದರೆ ಆ ಆಯ್ಕೆ ಬದಲಿಸಿದಾಗ ಫೋನ್ ರೀಸ್ಟಾರ್ಟ್ ಕೇಳಿತ್ತಲ್ಲವೇ? ವಾರಗಟ್ಟಲೆ ಆಫ್ ಮಾಡದ ಫೋನನ್ನು ಬರೀ ರೀಸ್ಟಾರ್ಟ್ ಮಾಡಿದರೂ ಅಂದು ಆಟ ಚೆನ್ನಾಗಿಯೇ ನಡೆಯುತ್ತದೆ. ಈಗ ಆಯ್ಕೆಯನ್ನು ಆಫ್ ಮಾಡಿ, ಮತ್ತೆ ರೀಸ್ಟಾರ್ಟ್ ಮಾಡಿ, ಅದೇ ಆಟ ಆಡಿ ನೋಡಿ. ಆಗಲೂ ನುಣುಪಾಗಿದ್ದರೆ ಕೀರ್ತಿ ರೀಸ್ಟಾರ್ಟ್‌ಗೆ ಸಲ್ಲಬೇಕು. ಹಿನ್ನೆಲೆಯಲ್ಲಿ ಹತ್ತಾರು ಆಪ್ ತೆರೆದಿಟ್ಟು ಆಡುವವರಾದರೆ ನಿಮಗೆ ಸ್ವಲ್ಪ ನಿಜವಾದ ಲಾಭವೂ ಆಗಿರಬಹುದು.

ಚಿಂತಾಮಣಿಯ ಗೃಹಿಣಿ:
ನನ್ನ ಮಗನ ಫೋನಿನಲ್ಲಿ ಜಾಗ ಇಲ್ಲ, ಫೋಟೊ ಅಳಿಸಿ ಎಂದು ದಿನವೂ ಸಂದೇಶ ಬರುತ್ತದೆ. ಇದನ್ನು ಹಾಕಿದರೆ ಜಾಗ ಜಾಸ್ತಿಯಾಗುತ್ತದೆಯೇ? ಯಾವ ಗಾತ್ರ ಆರಿಸಬೇಕು?

ಗುಬ್ಬಿಯ ಎಂಜಿನಿಯರ್:
ಇಲ್ಲ ಮೇಡಂ, ಇರುವ ಜಾಗವೂ ಕಡಿಮೆಯಾಗುತ್ತದೆ. ಈಗಾಗಲೇ ಅದು ಚಾಲೂ ಇದ್ದರೆ ಮೊದಲು ಆಫ್ ಮಾಡಿ, ರೀಸ್ಟಾರ್ಟ್ ಆದ ಮೇಲೆ ಅಷ್ಟು ಜಿಬಿ ಹಿಂದಕ್ಕೆ ಬರುತ್ತದೆ. ಸ್ಟೋರೇಜ್ ಅಂಚಿನವರೆಗೆ ತುಂಬಿರುವ ಫೋನಿನಲ್ಲಿ ವರ್ಚುವಲ್ ರ‍್ಯಾಮ್ ಇನ್ನೊಂದು ರೀತಿಯಲ್ಲೂ ಕೆಡುಕು. ಬರೆಯಲು ಖಾಲಿ ಬ್ಲಾಕ್ ಸಿಗದ ಚಿಪ್, ಹಳೆಯದನ್ನು ಒತ್ತರಿಸಿ ಅಳಿಸಿ ಆಮೇಲೆ ಬರೆಯಬೇಕು. ಅಷ್ಟು ಹೊತ್ತು ಆಟವೂ ನಿಂತಿರಬೇಕು, ಇಡೀ ಫೋನೂ ನಿಂತಿರಬೇಕು.

ಕ್ಯಾತ್ಸಂದ್ರದವರೇ, ನಿಮ್ಮ 64 ಜಿಬಿಯಲ್ಲಿ ಈಗ ಎಷ್ಟು ಖಾಲಿ ಇದೆ?

ಕ್ಯಾತ್ಸಂದ್ರದ ವಿದ್ಯಾರ್ಥಿ:
3 ಜಿಬಿ ಉಳಿದಿದೆ ಸರ್. ಸ್ಟೋರೇಜ್ ಇಎಂಎಂಸಿ 5.1 ಎಂದು ಬರೆದಿದೆ. ಇನ್ನೊಂದು ವಿಷಯ, ಆಟ ಶುರುವಾದ ಮೊದಲ ಕೆಲವು ನಿಮಿಷ ಚೆನ್ನಾಗಿರುತ್ತದೆ.

ಬಿ.ಎಚ್. ರಸ್ತೆಯ ಮೊಬೈಲ್ ದುರಸ್ತಿಗಾರ:
ಆ ಕೊನೆಯ ಸಾಲನ್ನು ಮೊದಲೇ ಹೇಳಬೇಕಿತ್ತು. ಶುರುವಿನಲ್ಲಿ ಚೆನ್ನಾಗಿದ್ದು ಆಮೇಲೆ ಕೆಡುತ್ತದೆ ಎಂದರೆ ನನ್ನ ಮೊದಲ ಅನುಮಾನ ಬಿಸಿ. ಚಿಪ್ ಕಾದಾಗ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಏಪ್ರಿಲ್ ಮಧ್ಯಾಹ್ನ, ಶೀಟ್ ಮನೆ, ದಪ್ಪ ಕವರ್, ಮೇಲಿಂದ ಚಾರ್ಜರ್ ಹಾಕಿಕೊಂಡೇ ಆಟ: ಅಂಗಡಿಗೆ ಬರುವ ಹುಡುಗರಲ್ಲಿ ಹೆಚ್ಚಿನವರ ಕಥೆ ಇದೇ. ಕವರ್ ತೆಗೆದು, ಚಾರ್ಜರ್ ಕಿತ್ತು, ಬೆಳಗಿನ ತಂಪಿನಲ್ಲಿ ಅಷ್ಟೇ ಹೊತ್ತು ಆಡಿ ನೋಡಿ. ವ್ಯತ್ಯಾಸ ಕಂಡರೆ ರ‍್ಯಾಮ್ ಮಾತೇ ಬೇಡ.

ಇನ್ನು ವರ್ಚುವಲ್ ರ‍್ಯಾಮ್ ಹಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದು ಸ್ಟೋರೇಜ್ ಚಿಪ್ಪನ್ನೇ ಕೊಲ್ಲುತ್ತದೆ. ಮೆಮೊರಿ ಸತ್ತ ಬೋರ್ಡ್‌ಗಳನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ.

ಗುಬ್ಬಿಯ ಎಂಜಿನಿಯರ್:
ಬಿಸಿಯ ವಿಷಯದಲ್ಲಿ ನಿಮ್ಮ ಮಾತಿಗೆ ಎರಡಿಲ್ಲ. ಚಿಪ್ ಸಾಯುವ ಮಾತನ್ನು ಅಷ್ಟು ಸಲೀಸಾಗಿ ಒಪ್ಪಲಾರೆ. ಫ್ಲ್ಯಾಶ್ ಮೆಮೊರಿಗೆ ಬರೆಯುವ ಆಯುಸ್ಸು ಸೀಮಿತ, ಇದು ಅದಕ್ಕೆ ಸ್ವಲ್ಪ ಹೊರೆ ಸೇರಿಸುತ್ತದೆ, ಅಲ್ಲಿಯವರೆಗೆ ಸರಿ. ಆದರೆ ಬಹಳ ಹೊತ್ತು ಮುಟ್ಟದ ಪುಟಗಳನ್ನಷ್ಟೇ, ಅದೂ ಮಿತಿ ಹಾಕಿಕೊಂಡು ಬರೆಯುವ ಏರ್ಪಾಡು ಅನೇಕ ಫೋನ್‌ಗಳಲ್ಲಿದೆ. ನಿಮ್ಮ ಮೇಜಿಗೆ ಬಂದ ಬೋರ್ಡ್‌ಗಳಲ್ಲಿ ಈ ಆಯ್ಕೆ ಎಷ್ಟರಲ್ಲಿ ಚಾಲೂ ಇತ್ತು ಎಂದು ನೋಡದೆ ಅದರ ತಲೆಗೆ ಕಟ್ಟುವುದು ಹೇಗೆ?

ಬಿ.ಎಚ್. ರಸ್ತೆಯ ಮೊಬೈಲ್ ದುರಸ್ತಿಗಾರ:
ಸತ್ತ ಬೋರ್ಡ್‌ನ ಸೆಟ್ಟಿಂಗ್ಸ್ ತೆರೆದು ನೋಡುವುದಾದರೂ ಹೇಗೆ ಸರ್! ನನ್ನ ಅಭಿಪ್ರಾಯ ನನಗಿರಲಿ.

ಗುಬ್ಬಿಯ ಎಂಜಿನಿಯರ್:
ಇರಲಿ. ಕ್ಯಾತ್ಸಂದ್ರದವರೇ, ಊಹೆಯ ಮೇಲೆ ನಡೆಯುವುದು ಬೇಡ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಅಲ್ಲಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಎಂಬ ಸಾಧನ ಹಾಕಿಕೊಂಡು, ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಚಾಲೂ ಮಾಡಿ. ಆಟ ತೆರೆದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಈ ಸಾಲು ಕೊಡಿ:

```
adb shell pidof com.dts.freefiremax
```

ಒಂದು ಸಂಖ್ಯೆ ಬರುತ್ತದೆ, ಬರೆದಿಟ್ಟುಕೊಳ್ಳಿ. ಗೃಹ ಪರದೆಗೆ ಹೋಗಿ ವಾಟ್ಸ್ಆ್ಯಪ್ ತೆರೆಯಿರಿ, ಎರಡು ನಿಮಿಷ ಬಿಟ್ಟು ಆಟಕ್ಕೆ ಮರಳಿ, ಅದೇ ಸಾಲನ್ನು ಮತ್ತೆ ಕೊಡಿ. ಸಂಖ್ಯೆ ಅದೇ ಇದ್ದರೆ ಆಟ ಬದುಕಿತ್ತು. ಬದಲಾಗಿದ್ದರೆ ಆಂಡ್ರಾಯ್ಡ್ ಅದನ್ನು ಕೊಂದಿತ್ತು, ನೀವು ನೋಡುತ್ತಿರುವುದು ಹೊಸದಾಗಿ ಹುಟ್ಟಿದ್ದು. ವರ್ಚುವಲ್ ರ‍್ಯಾಮ್ ಇಟ್ಟು ಒಮ್ಮೆ, ಆಫ್ ಮಾಡಿ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ, ಹೀಗೆ ಎರಡೂ ಬಗೆಯಲ್ಲಿ ನೋಡಿ. ಅದಕ್ಕೂ ಮೊದಲು ಹಳೆಯ ವೀಡಿಯೊಗಳನ್ನು ಲ್ಯಾಪ್‌ಟಾಪ್‌ಗೆ ಸಾಗಿಸಿ ಹತ್ತು ಜಿಬಿಯಾದರೂ ಖಾಲಿ ಮಾಡಿ. ಇಲ್ಲದಿದ್ದರೆ ನಾವು ಅಳೆಯುವುದು ತುಂಬಿದ ಸ್ಟೋರೇಜ್‌ನ ನರಳಾಟವನ್ನು.

ಕಾದಾಟದ ತಡವರಿಕೆಯನ್ನು ತರಬೇತಿ ಮೈದಾನದಲ್ಲಿ ಪರೀಕ್ಷಿಸಿ, ಎರಡೂ ಸಲ ಫೋನ್ ತಣ್ಣಗಿರಲಿ. ಪರದೆ ನುಣುಪಾಗಿಯೇ ಇದ್ದು, ಎದುರಾಳಿ ಇದ್ದಲ್ಲಿಂದ ಇನ್ನೆಲ್ಲಿಗೋ ಹಾರಿದಂತೆ ಕಂಡರೆ ಅದು ನೆಟ್‌ವರ್ಕ್‌ನ ತಪ್ಪು. ಅದಕ್ಕೂ ಮೆಮೊರಿಗೂ ಸಂಬಂಧವಿಲ್ಲ.

ಕ್ಯಾತ್ಸಂದ್ರದ ವಿದ್ಯಾರ್ಥಿ (ಎರಡು ದಿನದ ನಂತರ):
ಮಾಡಿ ನೋಡಿದೆ ಸರ್. 11 ಜಿಬಿ ಖಾಲಿ ಮಾಡಿದೆ. ವರ್ಚುವಲ್ ರ‍್ಯಾಮ್ ಇದ್ದಾಗ ವಾಟ್ಸ್ಆ್ಯಪ್‌ಗೆ ಹೋಗಿ ಬಂದರೆ ಸಂಖ್ಯೆ ಬದಲಾಗುವುದಿಲ್ಲ. ಆಫ್ ಮಾಡಿದಾಗ ಒಮ್ಮೆ ಉಳಿಯಿತು, ಒಮ್ಮೆ ಬದಲಾಯಿತು. ಕಾದಾಟದಲ್ಲಿ ಬೆಳಗ್ಗೆ ಎರಡು ಬಗೆಯಲ್ಲೂ ಒಂದೇ ತರಹ ಇತ್ತು, ಮೊದಲಿಗಿಂತ ಬಹಳ ಉತ್ತಮ. ಮಧ್ಯಾಹ್ನ ಎರಡು ಬಗೆಯಲ್ಲೂ ತಡವರಿಸಿತು. ಕ್ಯಾಮೆರಾ ತೆರೆದು ಮರಳಿದರೆ ಮಾತ್ರ ವರ್ಚುವಲ್ ರ‍್ಯಾಮ್ ಇದ್ದರೂ ಆಟ ಸಾಯುತ್ತದೆ. ಅದೇಕೆ?

ಬಿ.ಎಚ್. ರಸ್ತೆಯ ಮೊಬೈಲ್ ದುರಸ್ತಿಗಾರ:
ಬಿಸಿ ಎಂದು ಹೇಳಿದೆನಲ್ಲ.

ಗುಬ್ಬಿಯ ಎಂಜಿನಿಯರ್:
ಹೇಳಿದಿರಿ, ಕಾದಾಟದ ಪಾಲಿಗೆ ಅದೇ ಉತ್ತರ.

ಕ್ಯಾಮೆರಾ ಒಮ್ಮೆಲೇ ದೊಡ್ಡ ಮೊತ್ತದ ನಿಜವಾದ ರ‍್ಯಾಮ್ ಕೇಳುತ್ತದೆ. ಪುಟಗಳನ್ನು ಕುಗ್ಗಿಸಿ, ಇಎಂಎಂಸಿಗೆ ಬರೆದು ಜಾಗ ಮಾಡಿಕೊಡುವಷ್ಟು ಪುರುಸೊತ್ತು ಆಗ ಇರುವುದಿಲ್ಲ. ಸ್ಟೋರೇಜ್‌ನಲ್ಲಿ ಎಷ್ಟು ಜಿಬಿ ಕಾದಿರಿಸಿದ್ದರೂ ಆ ಆತುರಕ್ಕೆ ಒದಗುವುದಿಲ್ಲ, ಹಿನ್ನೆಲೆಯಲ್ಲಿರುವ ಆಪ್‌ಗಳು ಬಲಿಯಾಗುತ್ತವೆ, ಅವುಗಳಲ್ಲಿ ನಿಮ್ಮ ಆಟವೂ ಒಂದು. ಹೀಗೆಯೇ ಆಯಿತು ಎಂದು ಖಚಿತಪಡಿಸಿಕೊಳ್ಳಲು ಆಂಡ್ರಾಯ್ಡ್ 11 ಅಥವಾ ಹೊಸದರಲ್ಲಿ ಒಂದು ದಾರಿ ಇದೆ:

```
adb shell dumpsys activity exit-info com.dts.freefiremax
```

ಅದರಲ್ಲಿ `reason=3 (LOW_MEMORY)` ಎಂದಿದ್ದರೆ ಮೆಮೊರಿ ಸಾಲದೆ ಸತ್ತದ್ದು. ಬೇರೆ ಕಾರಣ ಕಂಡರೆ ಫೋನ್ ಕಂಪನಿಯ ಬ್ಯಾಟರಿ ಉಳಿತಾಯದ ವ್ಯವಸ್ಥೆಯನ್ನೂ ಅನುಮಾನಿಸಿ, ತಪ್ಪು ಅದರದಾಗಿದ್ದರೆ ವರ್ಚುವಲ್ ರ‍್ಯಾಮ್ ಹೆಚ್ಚಿಸಿ ಏನೂ ಆಗದು. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಆ ಆಟಕ್ಕೆ ನಿರ್ಬಂಧ ತೆಗೆಯಬೇಕು.

ನಿಮ್ಮ ಫೋನಿಗೆ 2 ಜಿಬಿಯ ಆಯ್ಕೆ ಇದ್ದರೆ ಅದಕ್ಕೆ ಇಳಿಸಿ ಅದೇ ವಾಟ್ಸ್ಆ್ಯಪ್ ಪರೀಕ್ಷೆ ಮಾಡಿ. ಸಂಖ್ಯೆ ಬದಲಾಗದಿದ್ದರೆ ಉಳಿದ 2 ಜಿಬಿಯನ್ನು ಸ್ಟೋರೇಜ್‌ಗೇ ಬಿಡಿ.

ಕ್ಯಾತ್ಸಂದ್ರದ ವಿದ್ಯಾರ್ಥಿ:
ಈಗ ನೋಡಿದೆ ಸರ್, ಎರಡು ಸಾವುಗಳ ದಾಖಲೆ ಇದೆ. ಒಂದರಲ್ಲಿ LOW_MEMORY ಎಂದಿದೆ. ಇನ್ನೊಂದರಲ್ಲಿ `reason=13` ಎಂದು ಬೇರೇನೋ ಇದೆ.

ಗುಬ್ಬಿಯ ಎಂಜಿನಿಯರ್:
ಹದಿಮೂರು ಎಂದರೆ ವ್ಯವಸ್ಥೆಯೇ ಬೇರೆ ಕಾರಣಕ್ಕೆ ಕೊಂದದ್ದು. ಆ ದಾಖಲೆಯಲ್ಲಿ `description=` ಎಂಬುದರ ಮುಂದೆ ಏನು ಬರೆದಿದೆ ಎಂದು ಹಾಗೆಯೇ ನಕಲಿಸಿ ಇಲ್ಲಿ ಹಾಕಿ. ಬ್ಯಾಟರಿ ಆಯ್ಕೆಗಳನ್ನು ಅಲ್ಲಿಯವರೆಗೆ ಮುಟ್ಟಬೇಡಿ, ಮುಟ್ಟಿದರೆ ಕಾರಣ ಯಾವುದೆಂದು ತಿಳಿಯುವುದು ಕಷ್ಟವಾಗುತ್ತದೆ.