ಸ್ವಂತಕ್ಕೆ ತೆಗೆದುಕೊಂಡ ಹಣವನ್ನು ಖರ್ಚೆಂದು ಬರೆಯಬಹುದೇ?

ಪ್ರಶ್ನೆ – ವೆಬ್‌ಸೈಟ್ ವಿನ್ಯಾಸಕಿ, ಚಿಕ್ಕಮಗಳೂರು

ನಮಸ್ಕಾರ. ನಾನು ಮನೆಯಿಂದಲೇ ಇಲ್ಲಿನ ಹೋಂಸ್ಟೇಗಳಿಗೂ ಬೆಂಗಳೂರಿನ ಒಂದು ಕಂಪನಿಗೂ ವೆಬ್‌ಸೈಟ್ ಮಾಡಿಕೊಡುತ್ತೇನೆ. 2025-26ಕ್ಕೆ ನನ್ನ ಅಂದಾಜು ಹೀಗಿದೆ: ಬ್ಯಾಂಕಿಗೆ ಬರುವುದು 17,40,000 ರೂಪಾಯಿ, ಕೆಲಸದ ಖರ್ಚು 3,00,000, ತಿಂಗಳಿಗೆ 60,000ದಂತೆ ನನ್ನ ಸಂಬಳ 7,20,000. ಉಳಿಯುವ ಲಾಭ 7,20,000. ಇದು ಹನ್ನೆರಡು ಲಕ್ಷದೊಳಗಿರುವುದರಿಂದ ತೆರಿಗೆಗೆಂದು ಏನೂ ತೆಗೆದಿಟ್ಟಿಲ್ಲ. ಲೆಕ್ಕ ಸರಿಯಿದೆಯೇ?

ಸಿವಿಲ್ ಎಂಜಿನಿಯರ್, ಸಕಲೇಶಪುರ

ಮೇಡಂ, ಮಾಲೀಕರಿಗೆ ಸಂಬಳವೆಂಬುದಿಲ್ಲ, ಅದನ್ನು ಖರ್ಚಿಗೆ ಹಾಕಬೇಡಿ. ಆದರೆ ಇಷ್ಟೆಲ್ಲ ಪುಸ್ತಕ ಬರೆಯುವ ಅಗತ್ಯವೂ ಇಲ್ಲ. ನಾನು ಬಂದ ಹಣದ ಅರ್ಧವನ್ನು ಲಾಭವೆಂದು ತೋರಿಸಿ ರಿಟರ್ನ್ ಸಲ್ಲಿಸುತ್ತೇನೆ. ತೆರಿಗೆಗೆ ಮಾತ್ರ, ಬಂದ ಪ್ರತಿ ಮೊತ್ತದಲ್ಲಿ ಶೇಕಡಾ 30ನ್ನು ಕಣ್ಣುಮುಚ್ಚಿ ತೆಗೆದಿಡುವುದು ಒಳ್ಳೆಯದು.

ಆಡಿಟರ್, ಹಾಸನ

ಎಂಜಿನಿಯರ್ ಅವರ ಮೊದಲ ಮಾತು ಸರಿಯಾಗಿದೆ. ಏಕವ್ಯಕ್ತಿ ವ್ಯವಹಾರದಲ್ಲಿ ವ್ಯವಹಾರವೂ ನೀವೂ ಕಾನೂನಿನ ಕಣ್ಣಿಗೆ ಒಬ್ಬರೇ ಆಗಿರುವುದರಿಂದ, ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಲು ಬರುವುದಿಲ್ಲ. ತಿಂಗಳ 60,000 ರೂಪಾಯಿಯನ್ನು ‘ಡ್ರಾಯಿಂಗ್ಸ್’ ಎಂದು ಬರೆಯಬೇಕು. ಅದು ಲಾಭ ನಿರ್ಧಾರವಾದ ಮೇಲೆ ನಿಮ್ಮ ಬಂಡವಾಳದಿಂದ ಕಳೆಯುವ ಮೊತ್ತವೇ ಹೊರತು ಲಾಭಕ್ಕೆ ಮುಂಚೆ ಕಳೆಯುವ ಖರ್ಚಲ್ಲ.

ನಿಮ್ಮ ಲೆಕ್ಕದಲ್ಲಿ ಇನ್ನೊಂದು ತಪ್ಪು ಅಡಗಿದೆ ಎಂದು ನನ್ನ ಅನುಮಾನ. ಬೆಂಗಳೂರಿನ ಕಂಪನಿ ಶೇಕಡಾ 10 ಟಿಡಿಎಸ್ ಮುರಿದುಕೊಂಡು ಉಳಿದದ್ದನ್ನು ಕಳುಹಿಸುತ್ತಿರಬೇಕು, ನೀವು ಕೈಗೆ ಬಂದದ್ದನ್ನಷ್ಟೇ ಆದಾಯವೆಂದು ಬರೆಯುತ್ತಿರಬೇಕು. ಆ ಕಂಪನಿಗೆ ವರ್ಷಕ್ಕೆ ಎಷ್ಟರ ಬಿಲ್ ಹಾಕುತ್ತೀರಿ?

ವೆಬ್‌ಸೈಟ್ ವಿನ್ಯಾಸಕಿ, ಚಿಕ್ಕಮಗಳೂರು

ಹೌದು ಸರ್, 6,00,000ಕ್ಕೆ ಬಿಲ್, ಖಾತೆಗೆ ಬರುವುದು 5,40,000. ಮುರಿದ 60,000 ಕೈಬಿಟ್ಟು ಹೋದ ಹಣವೆಂದೇ ತಿಳಿದಿದ್ದೆ.

ಆಡಿಟರ್, ಹಾಸನ

ಅದು ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಈಗಾಗಲೇ ಕಟ್ಟಿರುವ ತೆರಿಗೆ. ಆದ್ದರಿಂದ ಆದಾಯದ ಕಡೆ ಬಿಲ್ಲಿನ ಪೂರ್ಣ ಮೊತ್ತವನ್ನು ಬರೆಯಬೇಕು, ಮುರಿದದ್ದನ್ನು ‘ಮುಂಗಡ ಕಟ್ಟಿದ ತೆರಿಗೆ’ ಎಂದು ಪ್ರತ್ಯೇಕವಾಗಿ ತೋರಿಸಬೇಕು. ಇಲಾಖೆಯ ಜಾಲತಾಣದಲ್ಲಿ ಸಿಗುವ 26ಎಎಸ್ ಪತ್ರದಲ್ಲಿ ಆ ಕಂಪನಿ 6,00,000 ಎಂದೇ ತೋರಿಸಿರುತ್ತದೆ. ನಿಮ್ಮ ಪುಸ್ತಕ 5,40,000 ಎಂದರೆ ವ್ಯತ್ಯಾಸಕ್ಕೆ ವಿವರಣೆ ಕೇಳಿ ನೋಟಿಸ್ ಬರಬಹುದು. ಮೂರು ತಿಂಗಳಿಗೊಮ್ಮೆ ಆ ಪತ್ರವನ್ನು ಬಿಲ್ಲುಗಳ ಜೊತೆಗಿಟ್ಟು ನೋಡಿದರೆ ಈ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಈಗ ಲೆಕ್ಕ ಹೀಗಾಗುತ್ತದೆ. ಬಿಲ್ಲುಗಳ ಒಟ್ಟು ಮೊತ್ತ 18,00,000, ಖರ್ಚು 3,00,000, ಲಾಭ 15,00,000. ಹೊಸ ಪದ್ಧತಿಯಲ್ಲಿ 2025-26ಕ್ಕೆ ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ ನಾಲ್ಕು ಲಕ್ಷಕ್ಕೆ ಶೇಕಡಾ 5ರಂತೆ 20,000, ಅದರ ಮುಂದಿನ ನಾಲ್ಕಕ್ಕೆ ಶೇಕಡಾ 10ರಂತೆ 40,000, ಉಳಿದ ಮೂರು ಲಕ್ಷಕ್ಕೆ ಶೇಕಡಾ 15ರಂತೆ 45,000. ಒಟ್ಟು 1,05,000, ಶೇಕಡಾ 4 ಸೆಸ್ ಸೇರಿ 1,09,200. ಆದಾಯ ಹನ್ನೆರಡು ಲಕ್ಷ ದಾಟಿರುವುದರಿಂದ ನೀವು ನಂಬಿಕೊಂಡಿದ್ದ ರಿಯಾಯಿತಿ ಸಿಗುವುದಿಲ್ಲ. ಟಿಡಿಎಸ್‌ನ 60,000 ಕಳೆದರೆ ನೀವು ಇನ್ನೂ ಕಟ್ಟಬೇಕಾದದ್ದು 49,200.

ಹಾಗೆಂದು ಶೇಕಡಾ 30 ತೆಗೆದಿಡುವುದು ನಿಮಗೆ ಅನಗತ್ಯ. ಅಷ್ಟು ಹಣ ಕಟ್ಟಿಹಾಕಿದರೆ ಮನೆ ಖರ್ಚಿಗೆ ಕೈ ಕಟ್ಟುತ್ತದೆ, ಕೊನೆಗೆ ತೆರಿಗೆಯ ಹಣಕ್ಕೇ ಕೈಹಾಕುವ ಹಾಗಾಗುತ್ತದೆ. ಟಿಡಿಎಸ್ ಮುರಿಯದ ಬಿಲ್ಲುಗಳು 12,00,000. ಹೋಂಸ್ಟೇಯವರ ಹಣ ಬಂದ ದಿನವೇ ಅದರ ಶೇಕಡಾ 5ನ್ನು ಬೇರೆ ಉಳಿತಾಯ ಖಾತೆಗೆ ಹಾಕಿ. ವರ್ಷಕ್ಕೆ 60,000 ಆಗುತ್ತದೆ, ಅಂದಾಜು ಮೀರಿದರೆ ಒದಗಲು 10,800 ಹೆಚ್ಚುವರಿಯಾಗಿ ಇರುತ್ತದೆ. ಕಟ್ಟಬೇಕಾದದ್ದು 10,000ಕ್ಕಿಂತ ಹೆಚ್ಚಿರುವುದರಿಂದ ಅದನ್ನು ಮುಂಗಡ ತೆರಿಗೆಯಾಗಿ ಕಂತುಗಳಲ್ಲಿ ಕಟ್ಟಬೇಕು: ಜೂನ್ 15ರೊಳಗೆ ಶೇಕಡಾ 15, ಸೆಪ್ಟೆಂಬರ್ 15ರೊಳಗೆ ಒಟ್ಟು 45, ಡಿಸೆಂಬರ್ 15ರೊಳಗೆ 75, ಮಾರ್ಚ್ 15ರೊಳಗೆ ಪೂರ್ತಿ. ಹೀಗೆ ಕಟ್ಟಿದ ತೆರಿಗೆಯನ್ನೂ ವ್ಯವಹಾರದ ಖರ್ಚಿಗೆ ಬರೆಯಬಾರದು. ಆದಾಯ ತೆರಿಗೆ ನಿಮ್ಮ ಸ್ವಂತ ಹೊಣೆಯಾದ್ದರಿಂದ ಅದೂ ಡ್ರಾಯಿಂಗ್ಸ್ ಕಡೆಗೇ ಹೋಗುತ್ತದೆ.

ಕಾಫಿ ಬೆಳೆಗಾರರು, ಮೂಡಿಗೆರೆ

ನಾನೂ ಅದನ್ನೇ ಕೇಳಬೇಕೆಂದಿದ್ದೆ. ನಮ್ಮ ತೋಟದ ಕಾಫಿ ಮಾರಿದ 4,00,000 ರೂಪಾಯಿಯನ್ನು ಮಗನ ಟ್ಯಾಕ್ಸಿ ವ್ಯವಹಾರದ ಖಾತೆಗೆ ಹಾಕಿದ್ದೇವೆ. ಅದಕ್ಕೂ ಶೇಕಡಾ 5 ತೆಗೆದಿಡಬೇಕೇ?

ಆಡಿಟರ್, ಹಾಸನ

ನಿಮ್ಮದು ಬೇರೆಯೇ ಸಂಗತಿ. ತೋಟದ ಹಣ ಟ್ಯಾಕ್ಸಿ ದುಡಿದದ್ದಲ್ಲ. ಅದನ್ನು ಆದಾಯದ ಕಡೆ ಬರೆದರೆ ಮಗನ ಲಾಭ ಸುಳ್ಳಾಗಿ ಹಿಗ್ಗುತ್ತದೆ. ಅವರಿಗೆ ನೀವು ಸಾಲವಾಗಿ ಕೊಟ್ಟಿದ್ದರೆ ಸಾಲವೆಂದೂ ಉಡುಗೊರೆಯಾಗಿ ಕೊಟ್ಟಿದ್ದರೆ ಅವರ ಬಂಡವಾಳಕ್ಕೆ ಸೇರಿದ್ದೆಂದೂ ಬರೆಯಲಿ, ಕಾಫಿ ಮಾರಿದ ಚೀಟಿಯನ್ನು ಜೋಪಾನವಾಗಿ ಇಡಿ. ಹಸಿ ಹಣ್ಣು ಮಾರಿದ್ದೀರೋ, ಸಂಸ್ಕರಿಸಿ ಮಾರಿದ್ದೀರೋ ಎಂಬುದರ ಮೇಲೆ ಅದರ ತೆರಿಗೆ ಬದಲಾಗುತ್ತದೆ. ಅದನ್ನು ಪ್ರತ್ಯೇಕ ಪ್ರಶ್ನೆಯಾಗಿ ಕೇಳಿ.

ವೆಬ್‌ಸೈಟ್ ವಿನ್ಯಾಸಕಿ, ಚಿಕ್ಕಮಗಳೂರು

ಸರ್, ನನ್ನ ಕಷ್ಟ ಏನೆಂದರೆ ಮಗಳ ಶಾಲಾ ಶುಲ್ಕ, ವಿಮೆಯ ಕಂತು, ದಿನಸಿ ಎಲ್ಲವೂ ಅದೇ ಖಾತೆಯಿಂದ ಹೋಗುತ್ತವೆ. ಇಂಟರ್ನೆಟ್ ಬಿಲ್ 1,000ವನ್ನು ಮನೆಯವರೂ ಬಳಸುತ್ತಾರೆ. ಪುಸ್ತಕ ಹೇಗೆ ಬರೆಯಲಿ?

ಆಡಿಟರ್, ಹಾಸನ

ಒಂದು ನೋಟ್‌ಬುಕ್ ಅಥವಾ ಒಂದು ಎಕ್ಸೆಲ್ ಹಾಳೆ ಸಾಕು. ದಿನಾಂಕ, ವಿವರ, ಬಂದದ್ದು, ಕೆಲಸದ ಖರ್ಚು, ಡ್ರಾಯಿಂಗ್ಸ್, ತೆರಿಗೆಗೆ ತೆಗೆದಿಟ್ಟದ್ದು, ಉಳಿಕೆ ಎಂದು ಅಂಕಣ ಎಳೆಯಿರಿ. ಪ್ರತಿ ತಿಂಗಳ 1ನೇ ತಾರೀಕು 60,000ವನ್ನು ಒಮ್ಮೆಲೇ ಮನೆಯ ಖಾತೆಗೆ ವರ್ಗಾಯಿಸಿ, ಶುಲ್ಕ, ವಿಮೆ, ದಿನಸಿಯನ್ನು ಅಲ್ಲಿಂದ ಕೊಡಿ. ಆಗ ಡ್ರಾಯಿಂಗ್ಸ್ ಅಂಕಣದಲ್ಲಿ ತಿಂಗಳಿಗೆ ಒಂದೇ ಸಾಲು ಬರುತ್ತದೆ. ತಪ್ಪಿ ವ್ಯವಹಾರದ ಖಾತೆಯಿಂದ ಶುಲ್ಕ ಹೋದರೆ ಅದನ್ನೂ ಡ್ರಾಯಿಂಗ್ಸ್ ಎಂದೇ ಬರೆಯಿರಿ. ತೆರಿಗೆಯ ಖಾತೆಗೆ ಹಾಕಿದ್ದು ಖರ್ಚೂ ಅಲ್ಲ, ಡ್ರಾಯಿಂಗ್ಸೂ ಅಲ್ಲ, ಜಾಗ ಬದಲಿಸಿದ ಹಣವಷ್ಟೇ; ಇಲಾಖೆಗೆ ಕಟ್ಟಿದ ದಿನ ಅದು ಡ್ರಾಯಿಂಗ್ಸ್ ಆಗುತ್ತದೆ. ಟಿಡಿಎಸ್ ಬ್ಯಾಂಕಿಗೆ ಬರುವುದೇ ಇಲ್ಲವಾದ್ದರಿಂದ ‘ಬಂದದ್ದು’ ಅಂಕಣದಲ್ಲಿ ಕೈಗೆ ಬಂದದ್ದನ್ನು ಬರೆದು, ಮುರಿದದ್ದನ್ನು ಬಿಲ್ಲಿನ ಸಂಖ್ಯೆಯೊಂದಿಗೆ ಬೇರೊಂದು ಪುಟದಲ್ಲಿ ಬರೆಯಿರಿ, ವರ್ಷದ ಕೊನೆಗೆ ಎರಡನ್ನೂ ಕೂಡಿ.

ಇಂಟರ್ನೆಟ್ ಬಿಲ್ಲಿಗೆ ವಾಸ್ತವಕ್ಕೆ ಹತ್ತಿರವಾದ ಒಂದು ಪಾಲನ್ನು ಗೊತ್ತುಮಾಡಿ. ಮುಕ್ಕಾಲು ಪಾಲು ಕೆಲಸಕ್ಕೆಂದಾದರೆ 750 ಖರ್ಚು, 250 ಡ್ರಾಯಿಂಗ್ಸ್. ಹಾಗೇಕೆ ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದು, ವರ್ಷವಿಡೀ ಅದನ್ನೇ ಪಾಲಿಸಿ. ತಿಂಗಳ ಕೊನೆಗೆ ನಿಮ್ಮ ಉಳಿಕೆ ಪಾಸ್‌ಬುಕ್ಕಿಗೆ ಹೊಂದದಿದ್ದರೆ ಮೊದಲು ಮನೆ ಖರ್ಚನ್ನು ಹುಡುಕಿ. ನಾನು ನೋಡಿದ ಪುಸ್ತಕಗಳಲ್ಲಿ ಬರೆಯದೆ ಬಿಟ್ಟದ್ದು ಹೆಚ್ಚಾಗಿ ಯುಪಿಐನಲ್ಲಿ ಕೊಟ್ಟ ಇಂಥ ಸಣ್ಣ ಮೊತ್ತಗಳೇ ಆಗಿರುತ್ತವೆ.

ಸಿವಿಲ್ ಎಂಜಿನಿಯರ್, ಸಕಲೇಶಪುರ

ಆದರೆ ಸರ್, ಅರ್ಧ ಲಾಭದ ವಿಧಾನದಲ್ಲಿ ಇವರ ಆದಾಯ 9,00,000 ಆಗುತ್ತದೆ, ತೆರಿಗೆಯೇ ಬರುವುದಿಲ್ಲ. ಮುರಿದ 60,000 ಕೂಡ ವಾಪಸು ಬರುತ್ತದೆಯಲ್ಲವೇ?

ಆಡಿಟರ್, ಹಾಸನ

ಅರ್ಧ ಲಾಭದ ವಿಧಾನ ಕಾನೂನು ಪಟ್ಟಿ ಮಾಡಿರುವ ವೃತ್ತಿಗಳಿಗೆ ಮಾತ್ರ. ಎಂಜಿನಿಯರ್ ಅವರೇ, ನಿಮ್ಮ ವೃತ್ತಿ ಆ ಪಟ್ಟಿಯಲ್ಲಿ ಸ್ಪಷ್ಟವಾಗಿಯೇ ಇದೆ. ಪಟ್ಟಿಯಲ್ಲಿ ಮಾಹಿತಿ ತಂತ್ರಜ್ಞಾನವೂ ಇದೆ, ಆದರೆ ಬರೀ ವಿನ್ಯಾಸದ ಕೆಲಸ ಅದರೊಳಗೆ ಬರುತ್ತದೆಯೇ ಎಂಬುದನ್ನು ಇವರ ಬಿಲ್ಲುಗಳನ್ನು ನೋಡದೆ ನಾನು ಹೇಳಲಾರೆ. ಕಾನೂನು ಹೇಳುವುದು ಅರ್ಧ, ಅಥವಾ ಗಳಿಸಿದ್ದೇನೆಂದು ನೀವು ಹೇಳುವ ಅದಕ್ಕಿಂತ ಹೆಚ್ಚಿನ ಮೊತ್ತ. ನಿಜವಾದ ಲಾಭ ಹೆಚ್ಚಿದ್ದರೂ ಅರ್ಧವನ್ನೇ ತೋರಿಸಬಹುದು ಎನ್ನುವ ಸಹೋದ್ಯೋಗಿಗಳಿದ್ದಾರೆ, ಅವರ ವಾದವೂ ಹಗುರವಾದದ್ದಲ್ಲ. ಪುಸ್ತಕವೇ 15,00,000 ಲಾಭ ಹೇಳುತ್ತಿರುವಾಗ 9,00,000 ಎಂದು ನಮೂದಿಸಿದ ರಿಟರ್ನ್‌ಗೆ ನಾನು ಸಲಹೆ ಕೊಡುವುದಿಲ್ಲ. ಮೇಡಂ, ಎರಡೂ ಅಭಿಪ್ರಾಯ ಕೇಳಿಕೊಂಡು, ಡಿಸೆಂಬರ್ ಕಂತಿಗೆ ಮುಂಚೆ ಬಿಲ್ಲುಗಳೊಂದಿಗೆ ನಿಮ್ಮ ಊರಿನ ಆಡಿಟರ್ ಮುಂದೆ ಕುಳಿತು ನಿರ್ಧರಿಸಿ. ಅಲ್ಲಿಯವರೆಗೆ ಶೇಕಡಾ 5ನ್ನು ತೆಗೆದಿಡುತ್ತಿರಿ.

ವೆಬ್‌ಸೈಟ್ ವಿನ್ಯಾಸಕಿ, ಚಿಕ್ಕಮಗಳೂರು

ಧನ್ಯವಾದಗಳು ಸರ್. ಎರಡನೆಯ ಖಾತೆ ತೆರೆಯಲು ನಾಳೆಯೇ ಬ್ಯಾಂಕಿಗೆ ಹೋಗುತ್ತೇನೆ. ಬಿಲ್ಲುಗಳು 20 ಲಕ್ಷದ ಹತ್ತಿರ ಬಂದರೆ ಜಿಎಸ್‌ಟಿ ನೋಂದಣಿಯ ಬಗ್ಗೆ ಮತ್ತೆ ಕೇಳುತ್ತೇನೆ.