ಅಪ್‌ಡೇಟ್: ಮುಧೋಳದ ಸೈಲೋ ಎಷ್ಟು ಟನ್ ಹಿಡಿಯುತ್ತೆ?

ಕೇಳಿದ್ದು: "4 ಮೀಟರ್ ವ್ಯಾಸ, 6 ಮೀಟರ್ ಎತ್ತರದ ಸಿಲಿಂಡರ್, ಕೆಳಗೆ 2 ಮೀಟರ್ ಕೋನ್. ಗೋವಿನಜೋಳ ಎಷ್ಟು ಟನ್ ಹಿಡಿಯುತ್ತೆ?"

ಸಿಲಿಂಡರ್ 75.4, ಕೋನ್ 8.4, ಒಟ್ಟು 83.8 ಘನ ಮೀಟರ್. ಒಣ ಕಾಳನ್ನು 10 ಲೀಟರ್ ಡಬ್ಬಿಗೆ ಸುರಿದು, ಬಾಯಿಮಟ್ಟ ಸವರಿ ತೂಗಿದೆ: 7.2 ಕೆಜಿ. ಅಂದ್ರೆ ಘನ ಮೀಟರಿಗೆ 720 ಕೆಜಿ. ಲೆಕ್ಕಕ್ಕೆ 60 ಟನ್.

ಆದರೆ ಅಷ್ಟು ಹಿಡಿಯಲ್ಲ. ಸುರಿಯುವ ಪೈಪಿನ ಬಾಯಿ ನಡುವೆ, ಸಿಲಿಂಡರಿನ ಮೇಲಂಚಿನ ಮಟ್ಟಕ್ಕೇ ಇದೆ. ಕಾಳು ಕಣದ ರಾಶಿಯಂತೆ ಸುಮಾರು 25 ಡಿಗ್ರಿ ಇಳಿಜಾರಲ್ಲಿ ನಿಲ್ಲುತ್ತೆ. ತುದಿ ಪೈಪಿಗೆ ಮುಟ್ಟಿದಾಗ ಗೋಡೆಯ ಬಳಿ ಇನ್ನೂ 93 ಸೆಂಟಿಮೀಟರ್ ಖಾಲಿ! ಹಾಗೆ ಹೋಗುವ ಜಾಗ 7.8 ಘನ ಮೀಟರ್. ಉಳಿದದ್ದು 76, ಅಂದ್ರೆ 55 ಟನ್ನಿಗೆ ತುಸು ಕಡಿಮೆ. ಹಸಿ ಕಾಳಾದರೆ ಇಳಿಜಾರು ಜಾಸ್ತಿ, ಖಾಲಿ ಜಾಗವೂ ಜಾಸ್ತಿ. ಹಾಗಾಗಿ 54 ಟನ್ನಿಗೇ ಮಾಲು ಹೇಳಿದ್ದೇನೆ.