ಸಹಾಯ ಬೇಕು: ಒಂದೇ ಬಿಲ್ಲು, ಎರಡು ವಾಯಿದೆ, ಬಾಕಿ ತೋರಿಸೋದು ಎಲ್ಲಿ?

ಟೈಲರಿಂಗ್ ಅಂಗಡಿಯ ಆರ್ಡರ್ ಪುಸ್ತಕವನ್ನು ಗೂಗಲ್ ಶೀಟ್ಸ್‌ಗೆ ಹಾಕಿದ್ದೇವೆ. ಒಂದು ಬಟ್ಟೆಗೆ ಒಂದು ಸಾಲು: A ಬಿಲ್ ನಂಬರ್, B ಬಟ್ಟೆ, C ಕೊಡುವ ತಾರೀಖು, D ಮಜೂರಿ. ಅಳತೆ ಬೇರೆ ಹಾಳೆಯಲ್ಲಿದೆ, ತಾರೀಖಿನ ಸಮೇತ. ಹಳೇ ಅಳತೆಯ ಮೇಲೆ ಹೊಸದು ಬರೆದರೆ ಆಲ್ಟರೇಶನ್‌ಗೆ ಬಂದಾಗ ಯಾವ ಅಳತೆಗೆ ಕತ್ತರಿಸಿದ್ದು ಅನ್ನೋದೇ ತಿಳಿಯಲ್ಲ.

ಗಿರಾಕಿ ಕೊಟ್ಟ ದುಡ್ಡು Jama ಹಾಳೆಯಲ್ಲಿ: ತಾರೀಖು, ಬಿಲ್ ನಂಬರ್, ಮೊತ್ತ. ಅಡ್ವಾನ್ಸ್ 500 ಇದ್ದದ್ದನ್ನು ಅಳಿಸಿ 800 ಮಾಡಿದರೆ ಸಂಜೆ ಗಲ್ಲಾ ತಾಳೆ ಆಗಲ್ಲ, ಅದಕ್ಕೇ ಹೀಗೆ.

ತೊಡಕು ಇಲ್ಲಿದೆ. ಬಿಲ್ 412: ಲೈನಿಂಗ್ ಬ್ಲೌಸ್ ಎರಡು, ತಲಾ 450, ಸೀರೆಗೆ ಫಾಲ್, ಜಿಗ್‌ಜಾಗ್ 120. ಒಟ್ಟು 1020. ಒಂದು ಬ್ಲೌಸ್ ಮುಹೂರ್ತಕ್ಕೆ 10ಕ್ಕೆ, ಉಳಿದದ್ದು 18ಕ್ಕೆ. ಅಡ್ವಾನ್ಸ್ 500, 10ನೇ ತಾರೀಖು 300. ಬಾಕಿ 220.

```
=SUMIF(A:A,A2,D:D)-SUMIF(Jama!B:B,A2,Jama!C:C)
```

ಇದು ಮೂರೂ ಸಾಲಿನಲ್ಲಿ 220 ತೋರಿಸುತ್ತದೆ, ಕೆಳಗೆ ಒಟ್ಟು ಬಾಕಿ 660 ಆಗುತ್ತದೆ. COUNTIF ಹಾಕಿ ಮೊದಲ ಸಾಲಿನಲ್ಲಿ ಮಾತ್ರ ಬರುವಂತೆ ಮಾಡಿದರೆ, 18ರ ಡೆಲಿವರಿ ಫಿಲ್ಟರ್ ಮಾಡಿದಾಗ ಬಾಕಿ ಕಾಣಲ್ಲ. ಹುಡುಗ ಬಟ್ಟೆ ಕೊಟ್ಟು ಕಳಿಸಿಬಿಡ್ತಾನೆ.

ಬಿಲ್ಲಿನ ಕೊನೇ ತಾರೀಖಿನ ಒಂದೇ ಸಾಲಿನಲ್ಲಿ ಬಾಕಿ ಬರಬೇಕು. ಒಂದೇ ದಿನ ಎರಡು ಬಟ್ಟೆ ಇದ್ದರೂ ಎರಡು ಸಲ ಬರಬಾರದು. ಸೂತ್ರ ಗೊತ್ತಿದ್ದವರು ತಿಳಿಸಿ.